ಬಟವಾಡೆ ದಿನ ಬದಲಾಗುವಾಗ: ಕಾರ್ಮಿಕರಿಗೆ ನೋಟಿಸು ಬರೆಯುವುದು, ಮುಂಗಡ ಹೊಂದಿಸುವುದು

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಗಳ ಟೈಂ ಆಫೀಸಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದ್ದೇನೆ. ಹಾಜರಿ ಬರೆಯುವುದು, ಸಂಬಳದ ಪಟ್ಟಿ ಮಾಡುವುದು, ಮುಂಗಡದ ಲೆಕ್ಕ ಇಡುವುದು ನನ್ನ ಕೆಲಸ. ಅಲ್ಲಿ ನಾನು ಬರೆದ ಅತಿ ಕೆಟ್ಟ ನೋಟಿಸು ಎರಡು ಸಾಲಿನದು. "ಮುಂದಿನ ತಿಂಗಳಿನಿಂದ ಸಂಬಳವನ್ನು 1ನೇ ತಾರೀಕಿನ ಬದಲು 7ನೇ ತಾರೀಕಿಗೆ ನೀಡಲಾಗುವುದು. ಸಹಕರಿಸಬೇಕಾಗಿ ವಿನಂತಿ." ಅಷ್ಟೇ. ಟೈಪ್ ಮಾಡಿ, ಸೀಲು ಹಾಕಿ, ಗೇಟಿನ ಪಕ್ಕದ ಹಲಗೆಗೆ ಅಂಟಿಸಿದ್ದೆ.

ಮಾರನೇ ತಿಂಗಳು 5ನೇ ತಾರೀಕು ಗ್ರೇಡಿಂಗ್ ವಿಭಾಗದ ಒಬ್ಬ ಅಕ್ಕ ಕಿಟಕಿ ಹತ್ತಿರ ಬಂದು ನಿಂತರು. "ಸಾರ್, ಗಾಡಿ ಕಂತು ಬೌನ್ಸ್ ಆಯ್ತಂತೆ. ಬ್ಯಾಂಕ್‌ನೋರೂ ದಂಡ ಹಾಕಿದ್ರು, ಫೈನಾನ್ಸ್‌ನೋರೂ ಹಾಕಿದ್ರು. ನಾನೇನು ದುಡ್ಡು ಇಟ್ಕೊಂಡು ಕಟ್ಟಿಲ್ವಾ?" ಅಂದರು. ಅವರು ನೋಟಿಸು ಓದಿದ್ದರು. ಆದರೆ ಅದರಲ್ಲಿ ಅವರಿಗೆ ಬೇಕಾದದ್ದು ಏನೂ ಇರಲಿಲ್ಲ. ಹೊಸ ದಿನ ಯಾವುದು ಅಂತ ಹೇಳಿದ್ದೆ. ನಡುವಿನ ಆ ವಾರ ಹೇಗೆ ದಾಟುವುದು ಅಂತ ಹೇಳಿರಲಿಲ್ಲ.

ಆಮೇಲೆ ಇಂಥ ನೋಟಿಸು ಬರೆಯುವ ಕ್ರಮವನ್ನೇ ಬದಲಾಯಿಸಿಕೊಂಡೆ. ಹಾಸನ, ಚಿಕ್ಕಮಗಳೂರು ಕಡೆಯ ಕಾರ್ಖಾನೆಗಳ ಟೈಂ ಆಫೀಸಿನವರು, ಮೇಸ್ತ್ರಿಗಳು, ಕಾರ್ಮಿಕ ಸಂಘದವರು ಯಾರಾದರೂ ಓದಿ ಬಳಸಿಕೊಳ್ಳಲಿ ಅಂತ ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದೇ ಸಂದರ್ಭ ತೆಗೆದುಕೊಳ್ಳುತ್ತೇನೆ. ನೂರೈವತ್ತು ಜನ ಇರುವ ಒಂದು ಕ್ಯೂರಿಂಗ್ ಕಾರ್ಖಾನೆ. ಪ್ರತಿ ತಿಂಗಳು 1ನೇ ತಾರೀಕು ಬಟವಾಡೆ. 2026ರ ಮೇ ತಿಂಗಳ ಸಂಬಳದಿಂದ ಅದನ್ನು 7ಕ್ಕೆ ತಳ್ಳಬೇಕು.

ಮೊದಲು ತಾರೀಕು ಸರಿಯೇ ನೋಡಿ

ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಕಿನ ಒಳಗೆ ಕೊಡಬೇಕು. ಹಳೆಯ 1936ರ ವೇತನ ಪಾವತಿ ಕಾಯ್ದೆಯಲ್ಲಿ ಸಾವಿರಕ್ಕಿಂತ ಕಡಿಮೆ ಜನ ಇದ್ದ ಕಾರ್ಖಾನೆಗೆ 7, ಅದಕ್ಕಿಂತ ದೊಡ್ಡದಕ್ಕೆ 10 ಅಂತ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಆ ವ್ಯತ್ಯಾಸ ಇಲ್ಲ. ದೊಡ್ಡ ಕಾರ್ಖಾನೆಗೂ 7ನೇ ತಾರೀಕೇ ಕೊನೆ. ಹಾಗಾಗಿ "10ಕ್ಕೆ ಮಾಡೋಣ, ಪಾರ್ಟಿ ದುಡ್ಡು ಅಷ್ಟೊತ್ತಿಗೆ ಬರುತ್ತೆ" ಅಂತ ಮಾಲೀಕರು ಹೇಳಿದರೆ ಅಲ್ಲಿಯೇ ನಿಲ್ಲಿಸಿ. ಕಾಫಿ ಕೊಂಡವರು ದುಡ್ಡು ತಡಮಾಡಿದ್ದು ಸಂಬಳ ತಡಮಾಡಲು ಕಾರಣ ಆಗುವುದಿಲ್ಲ.

ಮುಂದಿನ ಒಂದು ವರ್ಷದ ಕ್ಯಾಲೆಂಡರ್ ತೆಗೆದು 7ನೇ ತಾರೀಕು ಯಾವ ವಾರ ಬರುತ್ತದೆ ನೋಡಿ. ನಮ್ಮ ಉದಾಹರಣೆಯಲ್ಲಿ ಮೊದಲ ಬಟವಾಡೆಯೇ ಎಡವುತ್ತದೆ. 2026ರ ಜೂನ್ 7 ಭಾನುವಾರ. 7 ದಾಟಿಸುವ ಹಾಗಿಲ್ಲ, ಆದ್ದರಿಂದ ಶನಿವಾರ 6ಕ್ಕೇ ಕೊಡಬೇಕು. 2027ರ ಫೆಬ್ರವರಿ 7 ಮತ್ತು ಮಾರ್ಚ್ 7 ಕೂಡ ಭಾನುವಾರವೇ. "7ನೇ ತಾರೀಕು ರಜೆ ಬಂದರೆ ಹಿಂದಿನ ಕೆಲಸದ ದಿನ" ಅಂತ ನೋಟಿಸಿನಲ್ಲಿ ಒಂದು ಸಾಲು ಇರಲೇಬೇಕು. ಇಲ್ಲದಿದ್ದರೆ ಸೋಮವಾರ ಕೊಟ್ಟರಾಯಿತು ಅಂತ ಯಾರೋ ಅಂದುಕೊಳ್ಳುತ್ತಾರೆ, 8 ಆಗಿಬಿಡುತ್ತದೆ.

ಅಂತರ ಎಷ್ಟು ದಿನ, ಎಣಿಸಿ

1ರಿಂದ 7ಕ್ಕೆ ಹೋದರೆ ಆರು ದಿನ ತಾನೇ ಅಂತ ಅನ್ನಿಸುತ್ತದೆ. ಕಾರ್ಮಿಕರ ಕಡೆಯಿಂದ ಎಣಿಸಿದರೆ ಲೆಕ್ಕ ಬೇರೆ. ಮೇ 1 ಕಾರ್ಮಿಕರ ದಿನ, ರಜೆ. ಆದ್ದರಿಂದ ಏಪ್ರಿಲ್ ಸಂಬಳ ಏಪ್ರಿಲ್ 30ಕ್ಕೇ ಕೈಗೆ ಬಂದಿದೆ. ಮೇ ಸಂಬಳ ಜೂನ್ 6ಕ್ಕೆ. ನಡುವೆ 37 ದಿನ. ಆ ಒಂದು ಸಂಬಳದಲ್ಲಿ 37 ದಿನ ಮನೆ ನಡೆಯಬೇಕು. ಹಳೆಯ ಪದ್ಧತಿಯಲ್ಲಾಗಿದ್ದರೆ ಜೂನ್ 1ರ ತನಕ 32 ದಿನ ಆಗುತ್ತಿತ್ತು.

ಆ 37 ದಿನದ ಕೊನೆಯ ವಾರ ಯಾವುದು ಅಂತಲೂ ನೋಡಿ. ಜೂನ್ ಮೊದಲ ವಾರ. ಮಕ್ಕಳ ಶಾಲೆ ಶುರುವಾಗುವ ಹೊತ್ತು. ನೋಟ್‌ಬುಕ್ಕು, ಬ್ಯಾಗು, ಛತ್ರಿ, ಮಲೆನಾಡಾದರೆ ಜರ್ಕಿನ್ನು ಕೂಡ. ನನ್ನ ಅಭಿಪ್ರಾಯದಲ್ಲಿ ಬಟವಾಡೆ ದಿನ ಬದಲಿಸಲು ಜೂನ್ ಒಳ್ಳೆಯ ತಿಂಗಳಲ್ಲ. ಬೋನಸ್ ಕೈಗೆ ಬರುವ ತಿಂಗಳು ಆರಿಸಿದರೆ ಜನರಿಗೆ ಭಾರ ಕಡಿಮೆ. ಆದರೆ ಕ್ಯೂರಿಂಗ್ ಕಾರ್ಖಾನೆಯಲ್ಲಿ ಸೀಸನ್ನಿನ ಓಟಿ ಗಲಾಟೆ ಮೇ ಹೊತ್ತಿಗೆ ತಣ್ಣಗಾಗುತ್ತದೆ, ಲೆಕ್ಕ ಬದಲಿಸಲು ಆಫೀಸಿಗೆ ಅದೇ ಅನುಕೂಲ. ಜೂನ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಮುಂಗಡದ ಮೊತ್ತದಲ್ಲಿ ಶಾಲೆಯ ಖರ್ಚಿಗೂ ಜಾಗ ಇಡಿ. ಆ ಲೆಕ್ಕ ಮುಂದೆ ಬರುತ್ತದೆ.

ನೋಟಿಸು ಬರೆಯುವ ಮೊದಲು ಒಂದು ಕೆಲಸ ಮಾಡಿ. ಒಂದು ಹಾಳೆ ಹಿಡಿದು ಪ್ರತಿ ವಿಭಾಗಕ್ಕೂ ಹೋಗಿ ಒಂದೇ ಪ್ರಶ್ನೆ ಕೇಳಿ: "1ರಿಂದ 6ನೇ ತಾರೀಕಿನ ಒಳಗೆ ನಿಮ್ಮ ಖಾತೆಯಿಂದ ತಾನೇ ಹೋಗೋ ಕಂತು ಯಾವುದಾದ್ರೂ ಇದೆಯಾ?" ಎಷ್ಟು ಸಾಲ, ಯಾರ ಹತ್ತಿರ ಅಂತ ಕೇಳಬೇಡಿ. ತಾರೀಕು ಮತ್ತು ಮೊತ್ತ ಸಾಕು. ಗಾಡಿ ಕಂತು, ಫೋನಿನ ಕಂತು, ಸಂಘದ ಕಂತು, ಚೀಟಿ, ಮನೆ ಬಾಡಿಗೆ, ಬಹುತೇಕ ಎಲ್ಲವೂ 5ರ ಸುತ್ತಮುತ್ತ ಇರುತ್ತವೆ, ಏಕೆಂದರೆ ಎಲ್ಲರೂ 1ನೇ ತಾರೀಕಿನ ಸಂಬಳ ನಂಬಿಕೊಂಡೇ ಆ ದಿನ ಇಟ್ಟಿರುತ್ತಾರೆ. ಬ್ಯಾಂಕಿನಿಂದ ತಾನೇ ಕಡಿತವಾಗುವ ಕಂತುಗಳು 2021ರ ಆಗಸ್ಟ್‌ನಿಂದ ಭಾನುವಾರ, ಹಬ್ಬದ ದಿನವೂ ಹೋಗುತ್ತವೆ. ಬ್ಯಾಂಕ್ ರಜೆ ಇದೆ, ಒಂದು ದಿನ ಸಿಗುತ್ತೆ ಅನ್ನುವ ಹಳೆಯ ಧೈರ್ಯ ಈಗ ನಡೆಯುವುದಿಲ್ಲ.

ಕಾರಣವನ್ನು ಇದ್ದ ಹಾಗೆ ಹೇಳಿ

"ಆಡಳಿತಾತ್ಮಕ ಕಾರಣಗಳಿಂದ" ಅಂತ ಬರೆದರೆ ಜನ ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ. ಕಾರ್ಖಾನೆ ಮುಳುಗುತ್ತಿದೆ, ಮಾಲೀಕರು ಮಾರುತ್ತಿದ್ದಾರೆ, ನಮ್ಮ ದುಡ್ಡನ್ನು ಬಡ್ಡಿಗೆ ಬಿಡುತ್ತಿದ್ದಾರೆ, ಇಂಥವು ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಕಾರ್ಖಾನೆ ಸುತ್ತಿರುತ್ತವೆ.

ನಮ್ಮ ಉದಾಹರಣೆಯಲ್ಲಿ ನಿಜವಾದ ಕಾರಣ ಹಾಜರಿಯದು. 1ನೇ ತಾರೀಕು ಸಂಬಳ ಕೊಡಬೇಕೆಂದರೆ 25ಕ್ಕೇ ಮಸ್ಟರ್ ಮುಚ್ಚಿ ಲೆಕ್ಕ ಹಾಕಬೇಕು. ಕೊನೆಯ ಐದಾರು ದಿನ ಎಲ್ಲರೂ ಕೆಲಸಕ್ಕೆ ಬರುತ್ತಾರೆ ಅಂತ ಊಹೆ ಮಾಡಿ ಬರೆಯುತ್ತೇವೆ. ಯಾರೋ ಎರಡು ದಿನ ಬರಲಿಲ್ಲ ಅಂದರೆ ಮುಂದಿನ ತಿಂಗಳು ಕಡಿತ. ಯಾರೋ ಕೊನೆಯ ವಾರ ರಾತ್ರಿ ಪಾಳಿ ಓಟಿ ಮಾಡಿದರೆ ಆ ದುಡ್ಡೂ ಮುಂದಿನ ತಿಂಗಳೇ. ಕೊಯ್ಲು ಮುಗಿದು ಪಾರ್ಚ್‌ಮೆಂಟು, ಚೆರ್ರಿ ಲಾರಿಗಟ್ಟಲೆ ಬರುವ ತಿಂಗಳುಗಳಲ್ಲಿ ಓಟಿ ಜಾಸ್ತಿ. ಹೋದ ತಿಂಗಳದ್ದು, ಈ ತಿಂಗಳದ್ದು ಕಲಸಿಹೋಗಿ ಕಾರ್ಮಿಕರಿಗೂ ತಲೆಬುಡ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

7ಕ್ಕೆ ಹೋದರೆ ತಿಂಗಳು ಪೂರ್ತಿ ಮುಗಿದ ಮೇಲೆ ಲೆಕ್ಕ. 31ಕ್ಕೆ ಮಸ್ಟರ್ ಮುಚ್ಚುತ್ತದೆ. 3ನೇ ತಾರೀಕು ಹಾಜರಿ ಮತ್ತು ಓಟಿ ಪಟ್ಟಿ ಹಲಗೆಗೆ ಬರುತ್ತದೆ. 4ರ ಸಂಜೆಯೊಳಗೆ ಯಾರಾದರೂ "ನಂದು ಒಂದು ದಿನ ಬಿಟ್ಟು ಹೋಗಿದೆ" ಅಂತ ಹೇಳಬಹುದು. 5ಕ್ಕೆ ಬ್ಯಾಂಕಿಗೆ ಪಟ್ಟಿ. ಆ ಪಟ್ಟಿ ನೋಡಿ ತಿದ್ದಿಸುವ ಒಂದೂವರೆ ದಿನ ಕಾರ್ಮಿಕರಿಗೆ ಸಿಗುವ ಲಾಭ. ಇದನ್ನು ನೋಟಿಸಿನಲ್ಲಿ ಹೇಳಿ, ಹೇಳಿದ ಮೇಲೆ ನಡೆಸಿಕೊಡಿ. 3ಕ್ಕೆ ಪಟ್ಟಿ ಹಾಕದೆ ಸಂಬಳವನ್ನು ಮಾತ್ರ 7ಕ್ಕೆ ತಳ್ಳಿದರೆ ನೋಟಿಸಿನಲ್ಲಿ ಬರೆದ ಕಾರಣ ಸುಳ್ಳಾಗುತ್ತದೆ.

ಕಾರಣ ದುಡ್ಡಿನ ಬಿಗಿಯೇ ಆಗಿದ್ದರೆ ಅದನ್ನೇ ಬರೆಯಿರಿ. "ಸಂಸ್ಕರಣೆಯ ಬಿಲ್ಲಿನ ಹಣ ತಿಂಗಳ ಮೊದಲ ವಾರ ಬರುತ್ತದೆ, 1ಕ್ಕೆ ಸಂಬಳ ಕೊಡಲು ಸಾಲ ತರಬೇಕಾಗುತ್ತಿದೆ" ಅಂದರೆ ಜನರಿಗೆ ಅರ್ಥ ಆಗುತ್ತದೆ. ಅವರೂ ಮನೆ ನಡೆಸುವವರೇ ಅಲ್ವಾ.

ಎಷ್ಟು ದಿನ ಮೊದಲು ಹೇಳಬೇಕು

ಸಂಬಳದ ಅವಧಿ, ಸಂಬಳ ಕೊಡುವ ರೀತಿ ಇವು ಸೇವಾ ಷರತ್ತಿನ ಪಟ್ಟಿಯಲ್ಲಿವೆ. ಅವನ್ನು ಬದಲಿಸುವ ಮೊದಲು 21 ದಿನದ ನೋಟಿಸು ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಸೆಕ್ಷನ್ ಹೇಳುತ್ತಿತ್ತು. ಈಗಿನ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಸೆಕ್ಷನ್ನಿನಲ್ಲೂ ಅದೇ 21 ದಿನ. ಬಟವಾಡೆ ದಿನದ ಬದಲಾವಣೆಯನ್ನೂ ಇದರೊಳಗೆ ಸೇರಿಸಿಕೊಂಡು ನಡೆಯುವುದೇ ಕ್ಷೇಮ. ಕಾರ್ಖಾನೆಯಲ್ಲಿ ಸ್ಥಾಯಿ ಆದೇಶ ಇದ್ದರೆ ತೆಗೆದು ನೋಡಿ. ಅದರಲ್ಲಿ ಬಟವಾಡೆ ದಿನ ಇಂಥದ್ದೇ ಅಂತ ಬರೆದಿದ್ದರೆ ಮೊದಲು ಅದು ತಿದ್ದುಪಡಿ ಆಗಬೇಕು.

21 ದಿನ ಎಣಿಸುವಾಗ ಹೊಸ ಬಟವಾಡೆ ದಿನದಿಂದ ಹಿಂದಕ್ಕೆ ಎಣಿಸಬೇಡಿ. ಜನರ ಕೈ ಖಾಲಿಯಾಗುವುದು ಹಳೆಯ ದಿನ, ಅಂದರೆ ಜೂನ್ 1ಕ್ಕೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮೇ 11 ಕೊನೆ. ನಾನಾದರೆ ಮೇ 4ರ ಸೋಮವಾರವೇ ಹಾಕುತ್ತೇನೆ. ಸಾಲದ ಕಂತಿನ ತಾರೀಕು ಬದಲಿಸಿಕೊಡಿ ಅಂತ ಫೈನಾನ್ಸಿನವರನ್ನು ಕೇಳುವವರಿಗೆ ಸಮಯ ಬೇಕು. ಕೆಲವರು ಬದಲಿಸಿಕೊಡುತ್ತಾರೆ, ಕೆಲವರು ಇಲ್ಲ, ಆದರೆ ಯಾರೂ ಎರಡು ದಿನದಲ್ಲಿ ಮಾಡಿಕೊಡುವುದಿಲ್ಲ. ಕಾರ್ಮಿಕ ಸಂಘ ಇದ್ದರೆ ನೋಟಿಸು ಹಲಗೆಗೆ ಬರುವ ಮೊದಲು ಅವರ ಜೊತೆ ಕೂತು ಮಾತಾಡಿ. ಮುಂಗಡದ ಮೊತ್ತವನ್ನು ಅವರ ಜೊತೆಯೇ ತೀರ್ಮಾನಿಸಿದರೆ ಆಮೇಲೆ ತಕರಾರು ಕಡಿಮೆ.

ಅರ್ಧ ಸಂಬಳ ಕೊಟ್ಟರೆ ಅಂತರ ತುಂಬುವುದಿಲ್ಲ

ಇಲ್ಲಿ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಹೊಳೆಯುವ ಉಪಾಯ ಇದು: ಜೂನ್ 1ಕ್ಕೆ ಅರ್ಧ ಸಂಬಳ ಕೊಟ್ಟುಬಿಡೋಣ, 6ಕ್ಕೆ ಉಳಿದರ್ಧ. ಯಾರಿಗೂ ತೊಂದರೆ ಇಲ್ಲ. ನೋಡಲು ಚೆನ್ನಾಗಿದೆ. ಆದರೆ 12,000 ರೂಪಾಯಿ ಕೈಗೆ ಬರುವ ಮನೆಯನ್ನು ನೆನೆಸಿಕೊಳ್ಳಿ. ಜೂನ್ 1ಕ್ಕೆ 6,000 ಬಂತು, 6ಕ್ಕೆ 6,000 ಬಂತು. ಮುಂದಿನ ಸಂಬಳ ಜುಲೈ 7ಕ್ಕೆ. ಅಂದರೆ ಜೂನ್ 1ರಿಂದ ಜುಲೈ 6ರವರೆಗೆ 36 ದಿನಕ್ಕೆ ಅದೇ 12,000. ಜೂನ್ ಮೊದಲ ವಾರದ ತಾಪತ್ರಯ ಜುಲೈ ಮೊದಲ ವಾರಕ್ಕೆ ಹೋಯಿತು, ಅಷ್ಟೇ. ಜುಲೈಯಲ್ಲಿ ಮತ್ತೆ ಅರ್ಧ ಕೊಟ್ಟರೆ ಆಗಸ್ಟ್‌ಗೆ ಹೋಗುತ್ತದೆ. ಬಟವಾಡೆ ಆರು ದಿನ ಮುಂದಕ್ಕೆ ಹೋದರೆ ಪ್ರತಿ ಮನೆಯೂ ಆರು ದಿನದ ಖರ್ಚನ್ನು ಎಲ್ಲಿಂದಲೋ ಹೊಂದಿಸಲೇಬೇಕು. ಅದನ್ನು ಒಂದೇ ತಿಂಗಳಲ್ಲಿ ಹೊಂದಿಸಿ ಅನ್ನುತ್ತೀರೋ, ಆರು ತಿಂಗಳಿಗೆ ಹಂಚಿಕೊಡುತ್ತೀರೋ ಅನ್ನುವುದಷ್ಟೇ ಕಾರ್ಖಾನೆಯ ಕೈಯಲ್ಲಿದೆ.

ಅದಕ್ಕೇ ಬೇಕಾದದ್ದು ಬೇರೆಯೇ ಒಂದು ಮುಂಗಡ. ನಾವು ಅದಕ್ಕೆ "ಅಂತರದ ಮುಂಗಡ" ಅಂತ ಹೆಸರಿಟ್ಟಿದ್ದೆವು. ಜೂನ್ 1ಕ್ಕೆ ಬೇಕೆಂದವರಿಗೆ 3,000 ರೂಪಾಯಿ. ಜೂನ್ 6ಕ್ಕೆ ಮೇ ಸಂಬಳದಲ್ಲಿ ಈ ಮುಂಗಡಕ್ಕೆ ಒಂದು ರೂಪಾಯಿಯೂ ಹಿಡಿಯುವುದಿಲ್ಲ. ಮುಂದಿನ ಸಂಬಳಗಳಲ್ಲಿ ತಿಂಗಳಿಗೆ 500ರಂತೆ ಆರು ಕಂತು, ಬಡ್ಡಿ ಇಲ್ಲ. 3,000 ಹೇಗೆ ಬಂತು ಅಂದರೆ, ದಿನಕ್ಕೆ ಸುಮಾರು 400 ರೂಪಾಯಿ ಮನೆ ಖರ್ಚು, ಐದಾರು ದಿನಕ್ಕೆ 2,000ದಿಂದ 2,400. ಉಳಿದದ್ದು ಶಾಲೆಯ ಖರ್ಚಿಗೆ.

ಅರ್ಧ ಸಂಬಳದ ದಾರಿಯನ್ನೇ ಹಿಡಿಯುವ ಕಾರ್ಖಾನೆಗೂ ಒಂದು ಮಾತು. ಜೂನ್ 1ಕ್ಕೆ ಕೊಡುವ ಆ ಅರ್ಧ ಮುಂಗಡ ಅಲ್ಲ. ಮೇ ತಿಂಗಳು ಮುಗಿದಿದೆ, ಕೆಲಸ ಮಾಡಿಯಾಗಿದೆ, ಅದು ದುಡಿದ ದುಡ್ಡು. ಅದನ್ನು ಮುಂಗಡದ ಪುಸ್ತಕದಲ್ಲಿ ಬರೆದು, "ಸಾಲ ಕೊಟ್ಟಿದ್ದೇವೆ" ಅನ್ನುವ ಹಾಗೆ ಸಹಿ ಹಾಕಿಸಿಕೊಳ್ಳುವುದು ತಪ್ಪು. ಸಂಬಳ ಚೀಟಿಯಲ್ಲಿ "1ಕ್ಕೆ ಕೊಟ್ಟ ಭಾಗ, 6ಕ್ಕೆ ಕೊಟ್ಟ ಭಾಗ" ಅಂತ ತೋರಿಸಬೇಕು, ಅಷ್ಟೇ.

ಹಳೆಯ ಮುಂಗಡ ಇದ್ದವರಿಗೆ

ಯುಗಾದಿಗೆ ಹಬ್ಬದ ಮುಂಗಡ ತೆಗೆದುಕೊಂಡವರು ಪ್ರತಿ ಕಾರ್ಖಾನೆಯಲ್ಲೂ ಇರುತ್ತಾರೆ. ನೋಟಿಸು ನೋಡಿದ ಕೂಡಲೇ ಅವರು ಕೇಳುವುದು "ಎರಡೂ ಒಟ್ಟಿಗೆ ಮುರ್ಕೋತೀರಾ ಸಾರ್?" ಅಂತ. ಉತ್ತರ ನೋಟಿಸಿನಲ್ಲೇ ಇರಬೇಕು. ನನ್ನ ಕ್ರಮ ಹೀಗೆ: ಹಳೆಯ ಮುಂಗಡದ ಕಂತು ಇದ್ದ ಹಾಗೇ ನಡೆಯುತ್ತದೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅದು ಮುಗಿದ ಮೇಲೆ ಅಂತರದ ಮುಂಗಡದ ಕಂತು ಶುರು. ಹಳೆಯ ಬಾಕಿ ಇಲ್ಲದವರಿಗೆ ಜುಲೈಯಿಂದಲೇ ಶುರು.

ಒಬ್ಬರ ಲೆಕ್ಕ ಪೂರ್ತಿ ಮಾಡಿ ನೋಡೋಣ. ಗ್ರೇಡಿಂಗ್ ವಿಭಾಗದ ಒಬ್ಬ ಅಕ್ಕ, ತಿಂಗಳ ಸಂಬಳ 15,000. ಪಿಎಫ್ ನೂರಕ್ಕೆ 12ರಂತೆ 1,800. ಇಎಸ್‌ಐ ನೂರಕ್ಕೆ ಮುಕ್ಕಾಲು ರೂಪಾಯಿಯಂತೆ 113. ಯುಗಾದಿ ಮುಂಗಡ 6,000 ತೆಗೆದುಕೊಂಡಿದ್ದರು, ತಿಂಗಳಿಗೆ 1,000 ಕಂತು. ಎರಡು ಕಂತು ಆಗಿದೆ, 4,000 ಬಾಕಿ. ಈಗ ಅವರ ಕೈಗೆ ಬರುತ್ತಿರುವುದು 12,087.

ಜೂನ್ 1ಕ್ಕೆ ಅಂತರದ ಮುಂಗಡ 3,000 ಖಾತೆಗೆ ಬರುತ್ತದೆ. ಜೂನ್ 6ಕ್ಕೆ ಮೇ ಸಂಬಳ, ಎಂದಿನಂತೆ 12,087. ಜುಲೈ 7, ಆಗಸ್ಟ್ 7, ಸೆಪ್ಟೆಂಬರ್ 7, ಮೂರೂ ಸಲ ಅದೇ 12,087. ಸೆಪ್ಟೆಂಬರಿಗೆ ಯುಗಾದಿ ಮುಂಗಡ ತೀರಿತು. ಅಕ್ಟೋಬರ್ 7ರಿಂದ 1,000 ಕಂತು ಇಲ್ಲ, ಅದರ ಜಾಗದಲ್ಲಿ 500. ಕೈಗೆ 12,587. ಹೀಗೆ ಆರು ತಿಂಗಳು ನಡೆದು 2027ರ ಮಾರ್ಚ್ 6ಕ್ಕೆ ಕೊನೆಯ ಕಂತು. ಇಷ್ಟೂ ತಿಂಗಳಲ್ಲಿ ಒಂದು ಸಲವೂ ಅವರ ಕೈಗೆ ಈಗ ಬರುವುದಕ್ಕಿಂತ ಕಡಿಮೆ ಬರಲಿಲ್ಲ. ನೋಟಿಸಿನ ಕೆಳಗೆ ಇಂಥ ಒಬ್ಬರ ಲೆಕ್ಕವನ್ನು ಹೆಸರಿಲ್ಲದೆ ಬರೆದು ಹಾಕಿ. ಹತ್ತು ಸಾಲಿನ ವಿವರಣೆಗಿಂತ ಜನ ಅದನ್ನು ಬೇಗ ಓದುತ್ತಾರೆ.

ಇನ್ನೊಂದು ಮಿತಿ ಮರೆಯಬೇಡಿ. ಪಿಎಫ್, ಇಎಸ್‌ಐ, ಮುಂಗಡ ಎಲ್ಲ ಸೇರಿ ಆ ತಿಂಗಳ ಸಂಬಳದ ಅರ್ಧಕ್ಕಿಂತ ಜಾಸ್ತಿ ಹಿಡಿಯುವಂತಿಲ್ಲ. ಪೂರ್ತಿ ತಿಂಗಳು ಬಂದವರಿಗೆ ಇದು ಅಡ್ಡ ಬರುವುದಿಲ್ಲ. ಹುಷಾರಿಲ್ಲದೆ, ಬಾಣಂತನಕ್ಕೆ ಅಂತ ರಜೆ ಹಾಕಿದವರಿಗೆ ಬರುತ್ತದೆ. 20,000 ದೊಡ್ಡ ಮುಂಗಡ ತೆಗೆದು 4,000 ಕಂತು ಕಟ್ಟುವವರೊಬ್ಬರು ಜೂನ್‌ನಲ್ಲಿ 14 ದಿನ ಮಾತ್ರ ಬಂದರು ಅಂತಿಟ್ಟುಕೊಳ್ಳಿ. 26 ದಿನಕ್ಕೆ 15,000 ಆದರೆ 14 ದಿನಕ್ಕೆ 8,077. ಅದರ ಅರ್ಧ 4,038. ಪಿಎಫ್ 969, ಇಎಸ್‌ಐ 61 ಹೋದರೆ ಮುಂಗಡಕ್ಕೆ ಹಿಡಿಯಲು ಉಳಿಯುವುದು 3,008. ಬಾಕಿ 992 ಮುಂದಿನ ತಿಂಗಳಿಗೆ ಹೋಗುತ್ತದೆ. ಕಂಪ್ಯೂಟರ್ ಕಂತಿನ ಮೊತ್ತವನ್ನು ಹಾಗೇ ಎಳೆದುಕೊಳ್ಳುತ್ತದೆ, ಆದ್ದರಿಂದ ಹಾಜರಿ ಕಡಿಮೆ ಇರುವವರ ಚೀಟಿಯನ್ನು ಕೈಯಲ್ಲೇ ಒಮ್ಮೆ ನೋಡಿ.

ನಡುವೆ ಕೆಲಸ ಬಿಡುವವರ ಲೆಕ್ಕವೂ ಬರೆದಿರಲಿ. ಈಗಿನ ಸಂಹಿತೆಯಂತೆ ಬಿಟ್ಟವರಿಗೂ, ತೆಗೆದವರಿಗೂ ಎರಡು ಕೆಲಸದ ದಿನದೊಳಗೆ ಬರಬೇಕಾದ ಸಂಬಳ ಕೊಡಬೇಕು. 7ನೇ ತಾರೀಕು ಬರಲಿ ಅಂತ ಕಾಯಿಸುವ ಹಾಗಿಲ್ಲ. ಅಂತರದ ಮುಂಗಡದ ಬಾಕಿಯನ್ನು ಆ ಕೊನೆಯ ಲೆಕ್ಕದಲ್ಲಿ ಹೊಂದಿಸಲಾಗುತ್ತದೆ ಅಂತ ಮೊದಲೇ ಹೇಳಿದ್ದರೆ ಆಮೇಲೆ ಜಗಳ ಇಲ್ಲ.

ನೋಟಿಸು ಹೀಗಿರಲಿ

ಇದನ್ನು ಹಾಗೇ ಬಳಸಬಹುದು, ನಿಮ್ಮ ತಾರೀಕು, ಮೊತ್ತ ಹಾಕಿಕೊಳ್ಳಿ. ದೊಡ್ಡ ಅಕ್ಷರ, ಒಂದು ಪುಟ ದಾಟಬಾರದು.

ಕಾರ್ಮಿಕರ ಗಮನಕ್ಕೆ
ತಾರೀಕು: 4 ಮೇ 2026

ನಮ್ಮ ಕಾರ್ಖಾನೆಯಲ್ಲಿ ತಿಂಗಳ ಸಂಬಳದ ಬಟವಾಡೆ ದಿನ 1ನೇ ತಾರೀಕಿನ ಬದಲು 7ನೇ ತಾರೀಕು ಆಗಲಿದೆ. ಮೇ ತಿಂಗಳ ಸಂಬಳದಿಂದ ಇದು ಜಾರಿಗೆ ಬರುತ್ತದೆ. 7ನೇ ತಾರೀಕು ಭಾನುವಾರ ಅಥವಾ ರಜೆ ಆದರೆ ಹಿಂದಿನ ಕೆಲಸದ ದಿನವೇ ಸಂಬಳ. ಮೇ ತಿಂಗಳ ಸಂಬಳ ಜೂನ್ 6, ಶನಿವಾರ ನಿಮ್ಮ ಖಾತೆಗೆ ಬರುತ್ತದೆ.

ಕಾರಣ: ಈಗ 25ನೇ ತಾರೀಕಿಗೇ ಹಾಜರಿ ಮುಚ್ಚಿ, ಉಳಿದ ದಿನಗಳನ್ನು ಊಹೆಯಿಂದ ಬರೆಯಬೇಕಾಗಿದೆ. ಇದರಿಂದ ಹಾಜರಿ, ಓಟಿ ತಪ್ಪುಗಳು ಮುಂದಿನ ತಿಂಗಳಿಗೆ ಹೋಗುತ್ತಿವೆ. ಇನ್ನು ಮುಂದೆ ತಿಂಗಳ ಕೊನೆಯ ದಿನದವರೆಗಿನ ಹಾಜರಿ ಮತ್ತು ಓಟಿ ಅದೇ ತಿಂಗಳ ಸಂಬಳದಲ್ಲಿ ಬರುತ್ತದೆ. ಪ್ರತಿ ತಿಂಗಳು 3ನೇ ತಾರೀಕು ಹಾಜರಿ ಪಟ್ಟಿ ಹಲಗೆಯಲ್ಲಿ ಇರುತ್ತದೆ. ತಪ್ಪಿದ್ದರೆ 4ರ ಸಂಜೆಯೊಳಗೆ ಟೈಂ ಆಫೀಸಿಗೆ ತಿಳಿಸಿ. ಏಪ್ರಿಲ್ ಕೊನೆಯ ದಿನಗಳ ಹಾಜರಿ, ಓಟಿ ವ್ಯತ್ಯಾಸ ಜೂನ್ 6ರ ಸಂಬಳ ಚೀಟಿಯಲ್ಲಿ ಬೇರೆ ಸಾಲಾಗಿ ಬರುತ್ತದೆ.

ಅಂತರದ ಮುಂಗಡ: ಬೇಕಾದವರಿಗೆ ಜೂನ್ 1, ಸೋಮವಾರ 3,000 ರೂಪಾಯಿ ಬಡ್ಡಿಯಿಲ್ಲದ ಮುಂಗಡ ಕೊಡಲಾಗುತ್ತದೆ. ಬೇಡದವರು ತೆಗೆದುಕೊಳ್ಳಬೇಕಾಗಿಲ್ಲ. ಮೇ 22ರೊಳಗೆ ನಿಮ್ಮ ವಿಭಾಗದ ಮೇಸ್ತ್ರಿ ಬಳಿ ಅಥವಾ ಟೈಂ ಆಫೀಸಿನಲ್ಲಿ ಹೆಸರು ಬರೆಸಿ. ಮೇ ಸಂಬಳದಲ್ಲಿ ಈ ಮುಂಗಡಕ್ಕೆ ಏನನ್ನೂ ಹಿಡಿಯುವುದಿಲ್ಲ. ಜುಲೈ 7ರಿಂದ ತಿಂಗಳಿಗೆ 500 ರೂಪಾಯಿಯಂತೆ ಆರು ಕಂತುಗಳಲ್ಲಿ ಹಿಡಿಯಲಾಗುತ್ತದೆ.

ಹಳೆಯ ಮುಂಗಡ ಇರುವವರಿಗೆ: ಈಗಿನ ಕಂತು ಬದಲಾಗುವುದಿಲ್ಲ. ಅದು ತೀರಿದ ಮುಂದಿನ ತಿಂಗಳಿನಿಂದ ಅಂತರದ ಮುಂಗಡದ ಕಂತು ಶುರುವಾಗುತ್ತದೆ. ಎರಡನ್ನೂ ಒಂದೇ ತಿಂಗಳಲ್ಲಿ ಹಿಡಿಯುವುದಿಲ್ಲ. ಯಾವುದೇ ತಿಂಗಳು ಒಟ್ಟು ಕಡಿತ ಸಂಬಳದ ಅರ್ಧ ದಾಟುವುದಿಲ್ಲ. ಕೆಲಸ ಬಿಟ್ಟರೆ ಬಾಕಿಯನ್ನು ಕೊನೆಯ ಲೆಕ್ಕದಲ್ಲಿ ಹೊಂದಿಸಲಾಗುತ್ತದೆ.

ವಾರದ ಬಟವಾಡೆ ಪಡೆಯುವವರಿಗೆ ಏನೂ ಬದಲಾವಣೆ ಇಲ್ಲ.

1ರಿಂದ 6ನೇ ತಾರೀಕಿನೊಳಗೆ ಬ್ಯಾಂಕ್ ಕಂತು ಇರುವವರು ದಯವಿಟ್ಟು ಈಗಲೇ ತಿಳಿಸಿ. ಕಂತಿನ ದಿನ ಬದಲಿಸಲು ಫೈನಾನ್ಸಿಗೆ ಕೊಡುವ ಪತ್ರಕ್ಕೆ ಕಾರ್ಖಾನೆಯಿಂದ ಸಹಿ ಮಾಡಿಕೊಡುತ್ತೇವೆ.

ಕೆಳಗೆ ಮ್ಯಾನೇಜರ್ ಸಹಿ, ಯಾರನ್ನು ಎಷ್ಟು ಹೊತ್ತಿಗೆ ಕೇಳಬಹುದು ಅನ್ನುವುದು. "ಆಫೀಸನ್ನು ಸಂಪರ್ಕಿಸಿ" ಅಂತ ಬರೆದರೆ ಯಾರೂ ಬರುವುದಿಲ್ಲ. "ಮಧ್ಯಾಹ್ನ ಊಟದ ಹೊತ್ತಿನಲ್ಲಿ ಟೈಂ ಆಫೀಸಿನ ಕಿಟಕಿ" ಅಂತ ಬರೆದರೆ ಬರುತ್ತಾರೆ.

ಹಲಗೆಗೆ ಹಾಕಿದ ಮೇಲೆ

ಅಂಟಿಸಿದರೆ ಮುಗಿಯಲಿಲ್ಲ. ಎರಡೂ ಪಾಳಿಗೆ, ಕೆಲಸ ಶುರುವಾಗುವ ಮೊದಲು ಐದು ನಿಮಿಷ ನಿಲ್ಲಿಸಿ ಜೋರಾಗಿ ಓದಿ ಹೇಳಿ. ಹಲ್ಲಿಂಗ್ ಮೆಷಿನ್ ಶುರುವಾದ ಮೇಲೆ ಯಾರ ಮಾತೂ ಕೇಳುವುದಿಲ್ಲ. ಈಗ ನಮ್ಮ ಕಡೆ ಅಸ್ಸಾಮಿನಿಂದ ಬಂದ ಹುಡುಗರೂ ಇದ್ದಾರೆ. ಅವರಲ್ಲೇ ಕನ್ನಡ ಬಲ್ಲ ಒಬ್ಬರನ್ನು ನಿಲ್ಲಿಸಿ ಅವರ ಮಾತಿನಲ್ಲಿ ಹೇಳಿಸಿ. ಅವರು ಊರಿಗೆ ದುಡ್ಡು ಕಳಿಸುವ ದಿನವೂ ಬದಲಾಗುತ್ತದೆ. ಗುತ್ತಿಗೆದಾರರ ಮೂಲಕ ಬಂದವರಿಗೆ ಸಂಬಳ ಕೊಡುವುದು ಗುತ್ತಿಗೆದಾರರು, ಆದರೆ ಅವರೂ ಇದೇ ಹಲಗೆ ನೋಡುತ್ತಾರೆ. ನಿಮ್ಮ ದಿನ ಬದಲಾಗುತ್ತದೋ ಇಲ್ಲವೋ ಅಂತ ಗುತ್ತಿಗೆದಾರರಿಂದಲೇ ಅವರಿಗೆ ಸ್ಪಷ್ಟವಾಗಿ ಹೇಳಿಸಿ.

ಮುಂಗಡದ ಒಪ್ಪಿಗೆ ಚೀಟಿ ಅರ್ಧ ಪುಟ ಸಾಕು. ಹೆಸರು, ಟೋಕನ್ ನಂಬರು, 3,000, ಆರು ಕಂತು, ಮೊದಲ ಕಂತಿನ ತಿಂಗಳು, ಕೊನೆಯ ಕಂತಿನ ತಿಂಗಳು, ಸಹಿ ಅಥವಾ ಹೆಬ್ಬೆಟ್ಟು. ತಿಂಗಳುಗಳನ್ನು ಹೆಸರು ಹಿಡಿದೇ ಬರೆಯಿರಿ. "ಹಳೆಯ ಬಾಕಿ ತೀರಿದ ನಂತರ" ಅಂತ ಮಾತ್ರ ಬರೆದರೆ ಯಾವಾಗ ಅಂತ ಯಾರಿಗೂ ನೆನಪಿರುವುದಿಲ್ಲ. ಎರಡು ಪ್ರತಿ ಮಾಡಿ ಒಂದನ್ನು ಅವರ ಕೈಗೇ ಕೊಡಿ. ಮುಂಗಡದ ಪುಸ್ತಕದಲ್ಲಿ ಯುಗಾದಿ ಮುಂಗಡಕ್ಕೂ ಅಂತರದ ಮುಂಗಡಕ್ಕೂ ಬೇರೆ ಬೇರೆ ಪುಟ ಇರಲಿ. ಒಂದೇ ಪುಟದಲ್ಲಿ ಕೂಡಿಸಿ ಬರೆದಾಗ 4,000 ಬಾಕಿ ಇದ್ದವರ ಹೆಸರಿನಲ್ಲಿ 7,000 ಕಾಣುತ್ತದೆ, ಕಂತು ಯಾವುದಕ್ಕೆ ಹೋಯಿತು ಅಂತ ಆಮೇಲೆ ಹುಡುಕಬೇಕಾಗುತ್ತದೆ.

ಎಡವಟ್ಟಾಗಿದೆಯೋ ಇಲ್ಲವೋ ಅನ್ನುವುದು ಎರಡು ದಿನ ಗೊತ್ತಾಗುತ್ತದೆ. ಒಂದು ಜೂನ್ 5ಕ್ಕೆ. ಕಂತು ಬೌನ್ಸ್ ಆಯಿತು ಅಂತ ಯಾರಾದರೂ ಬಂದರೆ ಅವರನ್ನು ಪಟ್ಟಿ ಮಾಡುವಾಗ ಕೇಳಿರಲಿಲ್ಲ ಅಂತ ಅರ್ಥ. ರಜೆಯಲ್ಲಿದ್ದವರು, ರಾತ್ರಿ ಪಾಳಿಯವರು ಹೀಗೆ ತಪ್ಪಿಹೋಗುತ್ತಾರೆ. ಇನ್ನೊಂದು ಜುಲೈ 7. ಅಂದು ಸಂಬಳ ಚೀಟಿ ಕೊಡುವ ಮೊದಲು ಹಳೆಯ ಮುಂಗಡ ಇರುವವರ ಚೀಟಿಗಳನ್ನು ಬೇರೆ ತೆಗೆದು ನೋಡಿ. ಎರಡು ಕಂತು ಒಟ್ಟಿಗೆ ಬಿದ್ದಿದ್ದರೆ ಅಲ್ಲಿಯೇ ಸಿಗುತ್ತದೆ. ಸಿಕ್ಕಿದರೆ "ಮುಂದಿನ ತಿಂಗಳು ಸರಿ ಮಾಡ್ತೀವಿ" ಅನ್ನಬೇಡಿ. ಹೆಚ್ಚು ಹಿಡಿದ 500 ಅದೇ ದಿನ ವಾಪಸ್ ಹಾಕಿ.

ಆರನೇ ಕಂತು ಮುಗಿದ ದಿನ ಪುಸ್ತಕದ ಆ ಪುಟಕ್ಕೆ ಅಡ್ಡಗೆರೆ ಎಳೆದು, ಕಾರ್ಮಿಕರ ಸಹಿ ಹಾಕಿಸಿ, ಅವರ ಕೈಗೆ ಒಂದು ಸಣ್ಣ ಚೀಟಿ ಕೊಡಿ: "ಅಂತರದ ಮುಂಗಡ 3,000 ಪೂರ್ತಿ ತೀರಿದೆ, ಬಾಕಿ ಇಲ್ಲ."